ಕೊರತೆ ಬರೆಯಬಾರದ ಚೀಟಿ

ಕಣ್ಣು ಪರೀಕ್ಷೆಯ ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಅವನು ಮೇಜಿನ ಮೇಲೆ ಎರಡು ಹಾಳೆ ಹರಡಿದ. ಒಂದು ಟೀಚರತ್ತೆ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಅವನ ಕರಡು, ಇನ್ನೊಂದು ಖಾಲಿ. ಹಬ್ಬದ ದಿನವಾದ್ದರಿಂದ ಅಂಗಡಿ ಹನ್ನೆರಡರವರೆಗೆ ಮಾತ್ರ. ಆಮೇಲೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂರುತ್ತಾರೆ. ಬಡಿಸುವ ಮೊದಲು ಅವನ ಹೆಂಡತಿ ಎದ್ದು ನಿಂತು ಅವನು ಅವಳಿಗೆ ಬರೆದ ಚೀಟಿಯನ್ನು ಗಟ್ಟಿಯಾಗಿ ಓದುತ್ತಾಳೆ. ಅಷ್ಟರೊಳಗೆ ಇದನ್ನು ಒಳ್ಳೆಯ ಹಾಳೆಗೆ ಇಳಿಸಬೇಕು. ಇಳಿಸುವುದೇನು ಮಹಾ ಕೆಲಸ, ಹನ್ನೊಂದು ಸಾಲು. ಆದರೆ ಎಂಟನೆಯ ಸಾಲಿನಲ್ಲಿ ಟೀಚರತ್ತೆ ಹೊಡೆದುಹಾಕಿದ್ದ ತನ್ನ ಮಾತನ್ನು ಮತ್ತೆ ಬರೆಯುವುದೋ, ಅದರ ಮೇಲೆ ಅವರು ಬರೆದುಕೊಟ್ಟ ಮಾತನ್ನು ಬರೆಯುವುದೋ ಎನ್ನುವುದು ಬೆಳಗಿನಿಂದ ತೀರ್ಮಾನವಾಗಿರಲಿಲ್ಲ. ಹಲ್ಲುಜ್ಜುವಾಗ ಬರೆಯುತ್ತೇನೆ ಅನ್ನಿಸಿತ್ತು. ಹೊಸ ಅಂಗಿ ಕೊಟ್ಟ ಅತ್ತೆಯ ಮುಖ ನೋಡಿದಾಗ ಬೇಡ ಅನ್ನಿಸಿತ್ತು. ಅಂಗಡಿಗೆ ನಡೆದು ಬರುವಾಗ, ಮಾವ ನಾಲ್ಕು ಹೆಜ್ಜೆ ಮುಂದೆ, ತಾನು ಊಟದ ಡಬ್ಬಿಯಿಲ್ಲದ ಖಾಲಿ ಕೈ ಬೀಸುತ್ತಾ ಹಿಂದೆ, ಮತ್ತೆ ಬರೆದೇಬಿಡುತ್ತೇನೆ ಅನ್ನಿಸಿತ್ತು.

ಈ ಮನೆಗೆ ಮದುವೆಯಾಗಿ ಬಂದವರು, ಗಂಡಾಗಲಿ ಹೆಣ್ಣಾಗಲಿ, ಮೊದಲ ಹಬ್ಬಕ್ಕೆ ತಮ್ಮ ಜೊತೆಯವರಿಗೆ ಒಂದು ಚೀಟಿ ಬರೆಯಬೇಕು. ಬರೆಯುವುದು ಈ ಮನೆಯ ಭಾಷೆಯಲ್ಲೇ, ಸ್ವಂತ ಕೈಬರಹದಲ್ಲೇ. ಬೇರೆ ಭಾಷೆಯವರನ್ನು ತಂದುಕೊಳ್ಳುವುದು ಈ ಮನೆಗೆ ಹೊಸದಲ್ಲ. ಮಾವನ ತಂದೆಯ ಕಾಲದಿಂದ ಹೀಗೆ ಬಂದವರೆಲ್ಲ ಬರೆದ ಚೀಟಿಗಳನ್ನು ಒಂದು ಕಡತದಲ್ಲಿ ದಾರ ಹಾಕಿ ಇಟ್ಟಿದ್ದಾರೆ. ಕಡತದ ಯಜಮಾನಿಕೆ ಟೀಚರತ್ತೆಯದು. ಅವರು ಮಾವನ ತಂಗಿ, ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದವರು, ಮನೆಯವರೂ ಬೀದಿಯವರೂ ಹಾಲಿನವನೂ ಅವರನ್ನು ಟೀಚರತ್ತೆ ಎಂದೇ ಕರೆಯುವುದು. ಒಂದು ವಾರದ ಹಿಂದೆ ಅವರು ಕಡತ ತೆಗೆದು ಅವನ ಮುಂದಿಟ್ಟು ಹೇಗೆ ಬರೆಯಬೇಕೆಂದು ತೋರಿಸಿದ್ದರು. ಮೊದಲು ಸಂಬೋಧನೆ, ಹಿರಿಯರ ಮುಂದೆ ಓದುವಂಥದ್ದಾದ್ದರಿಂದ ಮುದ್ದಿನ ಹೆಸರು ಸಲ್ಲದು. ಆಮೇಲೆ ಹಿರಿಯರ ನೆನಕೆ, ವಯಸ್ಸಿನ ಪ್ರಕಾರ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕಂಡುಕೊಂಡ ಬಗೆಯ ಒಂದು ನೆನಪು, ಒಂದೇ ಒಂದು. ಆಮೇಲೆ ಮನಸ್ಸಿನ ಮಾತು. ಕೊನೆಗೆ ಮನೆಗೆ ಒಳ್ಳೆಯದಾಗಲಿ ಎಂಬ ಹಾರೈಕೆ, ಸಹಿ. ‘ಮನಸ್ಸಿನ ಮಾತು’ ಎಂಬಲ್ಲಿ ಟೀಚರತ್ತೆಯ ಬೆರಳು ಸ್ವಲ್ಪ ಹೊತ್ತು ನಿಂತಿತ್ತು. ಅಲ್ಲೇ ಅವನಿಗೆ ಆಸೆ ಹುಟ್ಟಿದ್ದು.

ಅವನ ಮನಸ್ಸಿನ ಮಾತು ಎರಡು ವಾಕ್ಯದ್ದು. ‘ದಿನಕ್ಕೆ ಅರ್ಧ ಗಂಟೆ, ಮಹಡಿಯ ಕೋಣೆಯ ಬಾಗಿಲು ಹಾಕಿದ ಮೇಲೆ, ನನ್ನ ಜೊತೆ ನನ್ನ ಭಾಷೆಯಲ್ಲಿ ಮಾತಾಡು. ಮಾತಾಡದೆ ಹೋದರೆ ನಾನು ಈ ಮನೆಯಲ್ಲಿ ಇದ್ದೂ ಇಲ್ಲದ ಹಾಗೆ.’ ಇಷ್ಟನ್ನು ಅವರ ಭಾಷೆಯಲ್ಲಿ ಹೇಳಲು ಅವನಿಗೆ ನಾಲ್ಕು ದಿನ ಹಿಡಿದಿತ್ತು. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಕಬ್ಬಿಣದ ಚೌಕಟ್ಟು ಕೂರಿಸುವಾಗ, ಮಸೂರಗಳ ಪೆಟ್ಟಿಗೆಯಿಂದ ಒಂದೊಂದೇ ಬಿಲ್ಲೆ ತೆಗೆದು ಹಾಕುವಾಗ, ಅವನ ತುಟಿ ಆ ಎರಡು ವಾಕ್ಯಗಳನ್ನೇ ಜಗಿಯುತ್ತಿತ್ತು. ಹೀಗೆ ಚೆನ್ನಾಗಿ ಕಾಣುತ್ತಾ, ಹೀಗಾ, ಎಂದು ಅವನು ಕೇಳುತ್ತಿದ್ದ. ಈ ಊರಿಗೆ ಬಂದು ಕಲಿತ ಮೊದಲ ವಾಕ್ಯ ಅದು. ಅಕ್ಷರಗಳನ್ನು ಕಲಿತದ್ದೂ ಎದುರು ಗೋಡೆಯ ಪಟ್ಟಿಯಿಂದಲೇ, ಮೇಲಿನ ಸಾಲಿನ ಅಂಗೈಯಗಲದ ಒಂಟಿ ಅಕ್ಷರದಿಂದ ಶುರುಮಾಡಿ ಕೆಳಗಿನ ಸಾಲಿನ ಎಳ್ಳುಕಾಳಿನಂಥವುಗಳವರೆಗೆ. ಆದ್ದರಿಂದ ಈಗಲೂ ಅವನ ಕೈಬರಹದಲ್ಲಿ ಕೆಲವು ಅಕ್ಷರಗಳು ಬೇಕಿಲ್ಲದೆ ದೊಡ್ಡದಾಗುತ್ತವೆ, ಕೆಲವು ನಾಚಿಕೊಂಡ ಹಾಗೆ ಚಿಕ್ಕದಾಗುತ್ತವೆ. ಮಾವ ಅದನ್ನು ನೋಡಿ, ನಮ್ಮ ಅಳಿಯ ಬರೆದದ್ದನ್ನು ಓದಿಸಿಯೇ ಕಣ್ಣಿನ ನಂಬರು ಹೇಳಬಹುದು ಎಂದು ಗಿರಾಕಿಗಳ ಮುಂದೆ ನಗೆಯಾಡಿದ್ದರು. ಮನೆಯಲ್ಲಿ ಅವನಿಗೆ ಬನ್ನಿ, ಕೂತುಕೊಳ್ಳಿ ಎನ್ನುವ ಮಾವ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಆ ಡಬ್ಬಿ ತಗೊಂಡು ಬಾ ಎನ್ನುತ್ತಿದ್ದರು. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಹಿಂದೆ ಇದ್ದ ಕೆಲಸದವನಿಗೆ ಹಾಗೆ ಹೇಳಿ ನಾಲಿಗೆಗೆ ಅಭ್ಯಾಸವಾಗಿತ್ತು, ಅಷ್ಟೆ. ದುರುದ್ದೇಶವಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಬಾಯಲ್ಲಿ ಹೇಳಬಾರದಿತ್ತೇ? ಹೇಳಿದ್ದ. ಮಹಡಿಯ ಕೋಣೆಯಲ್ಲಿ, ಅವಳು ಒಗೆದ ಬಟ್ಟೆ ಮಡಚುತ್ತಿದ್ದಾಗ, ತನ್ನ ಭಾಷೆಯಲ್ಲೇ ಕೇಳಿದ್ದ. ಅವಳು ಉತ್ತರ ಕೊಟ್ಟಿದ್ದು ಈ ಮನೆಯ ಭಾಷೆಯಲ್ಲಿ. ಅವನ ಊರಿನ ಕನ್ನಡಕದ ಕಾರ್ಖಾನೆಗೆ ತರಬೇತಿಗೆ ಬಂದವಳು ಎರಡು ವರ್ಷ ಅವನ ಭಾಷೆಯಲ್ಲೇ ಬದುಕಿದ್ದಳು. ಬಸ್ಸಿನ ಹಲಗೆ ಓದಲು ಕಲಿತಳು, ಕಾರ್ಖಾನೆಯ ಕೆಲಸದ ಚೀಟಿ ಓದಲು ಕಲಿತಳು, ಹಾಸ್ಟೆಲಿನ ವಾರ್ಡನ್ ಜೊತೆ ಜಗಳವಾಡುವಷ್ಟು ಕಲಿತಳು. ಅವನು ಅವಳ ಭಾಷೆಯ ಒಂದು ಪದವನ್ನಾದರೂ ಕೇಳಿದ್ದನೇ? ಅವಳಿಗೂ ಒಂದು ಭಾಷೆಯಿದೆ ಎಂಬುದೇ ಅವನಿಗೆ ಆಗ ಒಂದು ಸುದ್ದಿಯಷ್ಟೇ ಆಗಿತ್ತು, ಅವಳಿಗೆ ಒಬ್ಬ ಅಕ್ಕ ಇದ್ದಾಳೆ ಎಂಬ ಹಾಗೆ. ಬಟ್ಟೆ ಮಡಚುತ್ತಾ ಅವಳು ಸಮಾಧಾನವಾಗಿಯೇ ಹೇಳಿದ್ದಳು. “ಎರಡು ವರ್ಷ ನಾನು ದಿನಾ ರಾತ್ರಿ ತಲೆನೋವು ಇಟ್ಕೊಂಡು ಮಲಗ್ತಿದ್ದೆ. ಇಡೀ ದಿನ ಇನ್ನೊಬ್ಬರ ಭಾಷೇಲಿ ನಕ್ಕೂ ನಕ್ಕೂ. ನಿನಗೆ ಗೊತ್ತೇ ಆಗ್ಲಿಲ್ಲ. ಈಗ ನಮ್ಮನೇಲಿದೀನಿ. ಸುಸ್ತಾಗಿದೆ ನಂಗೆ.” ಅವನು ಮಡಚಿದ ಬಟ್ಟೆಗಳನ್ನು ಎತ್ತಿ ಬೀರುವಿನಲ್ಲಿಟ್ಟ. ಉತ್ತರ ಹೊಳೆದಿದ್ದರೂ ಆ ಭಾಷೆಯಲ್ಲಿ ಹೊಳೆಯುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವರ ಜಗಳಗಳೆಲ್ಲ ಅವನ ಭಾಷೆಯಲ್ಲೇ ನಡೆಯುತ್ತಿದ್ದವು. ಇಲ್ಲಿಗೆ ಬಂದ ಮೇಲೆ ಮೊದಲು ಅಡುಗೆ, ತರಕಾರಿ, ನಂಟರ ಸುದ್ದಿ ಅವಳ ಭಾಷೆಗೆ ಹೋದವು, ಆಮೇಲೆ ಪ್ರೀತಿ, ಕೊನೆಗೆ ಜಗಳವೂ ಹೋಯಿತು. ಜಗಳ ಹೋದ ಮೇಲೆ ಅವನು ಒಂದನ್ನೂ ಗೆದ್ದಿರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಾರದವನಿಗೂ ಇಲ್ಲ ಎಂದು ಅವನಿಗೆ ಈ ಆರು ತಿಂಗಳಲ್ಲಿ ಗೊತ್ತಾಗಿತ್ತು. ಹಿರಿಯರ ಎದುರಿಗೆ ಅವಳು ಅವನನ್ನು ನೀವು ಎನ್ನುವುದು ಸರಿಯೇ. ಆದರೆ ಒಂದು ದಿನ ಮಹಡಿಯ ಮೇಲೂ, ಬಾಗಿಲು ಹಾಕಿದ ಮೇಲೂ, ‘ದೀಪ ಆರಿಸ್ತೀರಾ’ ಎಂದಳು. ಅವನು ಎದ್ದು ಆರಿಸಿದ. ಯಾರೋ ಅತಿಥಿ ಆರಿಸಿದ ಹಾಗಿತ್ತು.

ಚೀಟಿಯಾದರೆ ಅವಳು ಎದುರಾಡುವಂತಿಲ್ಲ. ಎದ್ದು ನಿಂತು ಓದಲೇಬೇಕು, ಮನೆಯವರೆಲ್ಲ ಕೇಳಲೇಬೇಕು. ಆ ಲೆಕ್ಕಾಚಾರ ತನ್ನೊಳಗೆ ಇತ್ತು ಎನ್ನುವುದು ಅವನಿಗೆ ಗೊತ್ತಿತ್ತು, ನಾಚಿಕೆಯೂ ಆಗಿತ್ತು. ಹೆಂಡತಿಗೆ ಬರೆಯುವ ಪ್ರೀತಿಯ ಚೀಟಿಯಲ್ಲಿ ಅವಳ ಹೆತ್ತವರಿಗೆ ದೂರು ಕೊಡುವುದು. ಅದೂ ಅವರದೇ ಭಾಷೆಯಲ್ಲಿ, ಅವರದೇ ಶಾಯಿಯಲ್ಲಿ. ಆದರೂ ಬೇರೆ ದಾರಿ ಅವನಿಗೆ ಹೊಳೆದಿರಲಿಲ್ಲ. ಹೊಳೆದದ್ದನ್ನು ಕೆಡಿಸಿದ್ದೂ ತಾನೇ. ಕರಡನ್ನು ಯಾರಿಗೂ ತೋರಿಸದೆ ನೇರ ಅವಳ ಕೈಗೆ ಕೊಡಬಹುದಿತ್ತು. ಚೀಟಿಯನ್ನು ತಿದ್ದಿಸಬೇಕೆಂದು ಪದ್ಧತಿಯಲ್ಲೇನೂ ಇರಲಿಲ್ಲ. ಆದರೆ ದೊಡ್ಡಳಿಯನ ಚೀಟಿಯ ಕಥೆಯನ್ನು ಅವನು ಈ ಮನೆಯಲ್ಲಿ ಐದು ಸಲ ಕೇಳಿದ್ದ. ದೊಡ್ಡಳಿಯ ಎಂದರೆ ಅವಳ ಅಕ್ಕನ ಗಂಡ, ಲೇತ್ ಕೆಲಸದವನು, ಮೂರನೆಯದೇ ಒಂದು ಭಾಷೆಯವನು. ಏಳು ವರ್ಷದ ಹಿಂದೆ ಅವನು ಬರೆದ ಚೀಟಿಯನ್ನು ನೆನೆಸಿಕೊಂಡು ಈಗಲೂ ಯಾವ ಊಟದಲ್ಲಾದರೂ ಒಬ್ಬರು ಶುರುಮಾಡಿದರೆ ಸಾಕು, ಇನ್ನೊಬ್ಬರು ಮುಂದಿನ ಸಾಲು ಹೇಳಿ, ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೂ ನಗು. ಅವನೂ ನಗುತ್ತಿದ್ದ, ಏನೆಂದು ಪೂರ್ತಿ ತಿಳಿಯದೆ. ತನ್ನ ಚೀಟಿಯಲ್ಲಿ ಒಂದು ತಪ್ಪೂ ಇರಬಾರದು ಎಂದು ಅವನು ಟೀಚರತ್ತೆಯ ಕೋಣೆಯ ಬಾಗಿಲು ತಟ್ಟಿದ್ದು ಆ ನಗುವಿನ ಹೆದರಿಕೆಗೆ.

ಟೀಚರತ್ತೆಗೆ ಎಷ್ಟು ಖುಷಿಯಾಯಿತೆಂದರೆ ಕನ್ನಡಕ ಒರೆಸಿಕೊಂಡು, ಅವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಕೆಂಪು ಪೆನ್ನಿನ ಮುಚ್ಚಳವನ್ನು ಪೆನ್ನಿನ ಹಿಂದೆ ಸಿಕ್ಕಿಸಿ ತಯಾರಾದರು. ಸಂಬೋಧನೆಯಲ್ಲಿ ಅವನು ತನ್ನ ಭಾಷೆಯ ಮುದ್ದಿನ ಹೆಸರನ್ನು ಅವರ ಲಿಪಿಯಲ್ಲಿ ಬರೆದಿದ್ದ, ಅದು ಹೋಯಿತು. ಹಿರಿಯರ ಸಾಲಿನಲ್ಲಿ ಟೀಚರತ್ತೆಯನ್ನು ಅತ್ತೆಗಿಂತ ಮೊದಲು ಹಾಕಿದ್ದ. ಅದನ್ನು ಕೆಳಗಿಳಿಸುವಾಗ ತುಟಿಯಂಚಿನ ಸಂತೋಷವನ್ನು ಅಡಗಿಸಿಕೊಳ್ಳಲು ಅವರಿಗಾಗಲಿಲ್ಲ. ನೆನಪಿನ ಭಾಗದಲ್ಲಿ, ಅವಳು ಒಮ್ಮೆ ಅವನ ಊರಿನ ಬಸ್ ಕಂಡಕ್ಟರನನ್ನು ಅರೆಬರೆ ಭಾಷೆಯಲ್ಲಿ ತರಾಟೆಗೆ ತೆಗೆದುಕೊಂಡದ್ದನ್ನೂ, ಬಸ್ಸಿನಲ್ಲಿದ್ದವರೆಲ್ಲ ನಕ್ಕದ್ದನ್ನೂ, ಅವಳು ನಗದೆ ಇನ್ನಷ್ಟು ಬೈದದ್ದನ್ನೂ, ಆಗಲೇ ತನಗೆ ಅವಳು ಬೇಕೆನಿಸಿದ್ದನ್ನೂ ಬರೆದಿದ್ದ. ನಮ್ಮ ಹುಡುಗಿ ಬೀದಿಯಲ್ಲಿ ಜಗಳವಾಡಿದ್ದನ್ನು ಹಬ್ಬದ ದಿನ ಓದಿಸುವುದೇ, ಎಂದು ಅವರು ‘ನಿನ್ನ ಧೈರ್ಯವನ್ನು ಕಂಡು ಮೆಚ್ಚಿದೆನು’ ಎಂದು ಮಾಡಿದರು. ತಪ್ಪೇನೂ ಇರಲಿಲ್ಲ. ಬಸ್ಸು ಹೋಯಿತು, ಕಂಡಕ್ಟರ್ ಹೋದ, ನಗು ಹೋಯಿತು, ಧೈರ್ಯ ಉಳಿಯಿತು. ಎಂಟನೆಯ ಸಾಲಿಗೆ ಬಂದಾಗ ಟೀಚರತ್ತೆ ಎರಡು ಸಲ ಓದಿದರು. ಪೆನ್ನು ಎತ್ತಲಿಲ್ಲ. ಈಗ ಕೇಳುತ್ತಾರೆ, ಏನಪ್ಪಾ, ಏನಾಯಿತು ಎಂದು. ಕೇಳಿದ್ದರೆ ಹೇಳಿಬಿಡುತ್ತಿದ್ದ.

“ವ್ಯಾಕರಣ ಎಲ್ಲಾ ಸರಿಯಾಗಿದೆ,” ಎಂದರು ಟೀಚರತ್ತೆ. “ಆದ್ರೆ ನಮ್ಮನೇಲಿ ಹಬ್ಬದ ಚೀಟೀಲಿ ಕೊರತೆ ಬರೆಯಲ್ಲ. ಕಡತ ಪೂರ್ತಿ ನೋಡಿ, ಒಂದು ಕೊರತೆ ಸಿಗಲ್ಲ. ಊಟಕ್ಕೆ ಕೂತವರ ಮುಂದೆ ಕೊರತೆ ಓದಿದ್ರೆ ಅನ್ನ ಇಳಿಯುತ್ತಾ? ನಿಮ್ಮತ್ತೆ ಅಂತೂ ಅಳ್ತಾ ಕೂತ್ಕೋತಾಳೆ.”

ಆಮೇಲೆ ಆ ಎರಡು ವಾಕ್ಯಗಳ ಮೇಲೆ ಸ್ಕೇಲಿಟ್ಟು ನೆಟ್ಟಗೆ ಗೆರೆ ಎಳೆದರು. ಸ್ವಲ್ಪ ಯೋಚಿಸಿ, ಕೊರತೆಯನ್ನು ಒಳ್ಳೆಯ ಕಡೆಯಿಂದ ಹೇಳಿದರಾಯಿತು ಎಂದು ಮೇಲೆ ಬರೆದರು: ‘ಈ ಮನೆಯ ಭಾಷೆ ಈಗ ನನ್ನದೂ ಆಗಿದೆ.’ ಓದಿ ತೋರಿಸಿ, ಇದೇ ತಾನೇ ನಿಮ್ಮ ಮನಸ್ಸಿನಲ್ಲಿದ್ದದ್ದು ಎಂಬಂತೆ ಅವನ ಮುಖ ನೋಡಿದರು. ಅವನು ಹೌದು ಎಂದ. ಅದನ್ನು ಮರೆಯಲು ಅವನಿಗೆ ಆಗಿರಲಿಲ್ಲ. ಯಾರೂ ಕತ್ತು ಹಿಡಿದಿರಲಿಲ್ಲ. ಹೌದು ಅತ್ತೆ, ತುಂಬಾ ಚೆನ್ನಾಗಿದೆ ಎಂದು ಹೇಳಿ, ಬಗ್ಗಿ ನಮಸ್ಕಾರವನ್ನೂ ಮಾಡಿ ಬಂದಿದ್ದ.

ಅವರು ತೋರಿಸಿದಂತೆಯೇ ಈಗ ಖಾಲಿ ಹಾಳೆಗೆ ಸೀಸದ ಕಡ್ಡಿಯಿಂದ ತೆಳುವಾಗಿ ಗೆರೆ ಹಾಕಿದ. ಬರೆದು ಶಾಯಿ ಆರಿದ ಮೇಲೆ ಗೆರೆಗಳನ್ನು ರಬ್ಬರಿನಿಂದ ಅಳಿಸಬೇಕು, ಒಂದೇ ದಿಕ್ಕಿನಲ್ಲಿ, ಇಲ್ಲದಿದ್ದರೆ ಕಾಗದ ಜೂಲು ಏಳುತ್ತದೆ. ಸಂಬೋಧನೆ ಬರೆದ. ಹಿರಿಯರನ್ನು ಬರೆದ, ಮಾವ, ಅತ್ತೆ, ಟೀಚರತ್ತೆ. ಅತ್ತೆ ಎಂದು ಬರೆಯುವಾಗ ಕೈ ನಿಧಾನವಾಯಿತು. ಅತ್ತೆಯೂ ಬೇರೆ ಭಾಷೆಯಿಂದ ಬಂದವರೇ, ಮೂವತ್ತನಾಲ್ಕು ವರ್ಷದ ಹಿಂದೆ. ಅವರ ಚೀಟಿಯೂ ಕಡತದಲ್ಲಿದೆ, ದುಂಡು ಅಕ್ಷರ, ಒಂದು ತಪ್ಪಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ಅವನು ಅವರನ್ನು, ನಿಮ್ಮ ತಾಯಿಯ ಭಾಷೆಯಲ್ಲಿ ನೀರಿಗೆ ಏನೆನ್ನುತ್ತಾರೆ ಎಂದು ಕೇಳಿದ್ದ. ಸುಮ್ಮನೆ, ಮಾತಿಗೆ ಮಾತು ಸಿಗಲಿ ಎಂದು. ಅತ್ತೆ ಸೌಟು ಹಿಡಿದುಕೊಂಡೇ ಯೋಚಿಸಿದರು. ಒಲೆಯ ಮೇಲಿನದು ಉಕ್ಕಿ ಬಂತು, ಉರಿ ತಗ್ಗಿಸಿದರು, ಮತ್ತೆ ಯೋಚಿಸಿದರು. “ಇತ್ತು, ಏನೋ ಒಂದು,” ಎಂದು ನಕ್ಕು, ಅವನ ತಟ್ಟೆಗೆ ಇನ್ನೊಂದಿಷ್ಟು ಹಾಕಿದ್ದರು. ಅವರಿಗೆ ದುಃಖವಾದಂತೇನೂ ಕಾಣಲಿಲ್ಲ. ಅವನಿಗೇ ಆ ದಿನವಿಡೀ ಬಾಯಾರಿದ ಹಾಗಿತ್ತು.

ಏಳು ಸಾಲು ಮುಗಿಯಿತು. ಎಂಟನೆಯದಕ್ಕೆ ಪೆನ್ನು ಊರಿದಾಗ ಹೊರಗಿನಿಂದ ಮಾವ ಕರೆದರು. ವಯಸ್ಸಾದ ಹೆಂಗಸೊಬ್ಬರು ಕನ್ನಡಕದ ಕಾಲು ಕೈಯಲ್ಲಿ ಹಿಡಿದು ನಿಂತಿದ್ದರು, ತಿರುಪು ಬಿದ್ದುಹೋಗಿತ್ತು, ಹಬ್ಬಕ್ಕೆ ಮೊಮ್ಮಕ್ಕಳು ಬರುತ್ತಾರಂತೆ. ಅವನು ಸಣ್ಣ ತಿರುಪು ಹುಡುಕಿ, ಚಿಮಟದಲ್ಲಿ ಹಿಡಿದು ಕೂರಿಸಿ, ಕಾಲುಗಳನ್ನು ಬಿಸಿಗಾಳಿಗೆ ಹಿಡಿದು ಸ್ವಲ್ಪ ಬಗ್ಗಿಸಿ, ಅವರ ಕಿವಿಯ ಹಿಂದೆ ಬೆರಳಿಟ್ಟು ನೋಡಿ ಕೊಟ್ಟ. ಸರಿಯಾಗಿದೆಯಾ ಅಮ್ಮ, ಒತ್ತುತ್ತಾ, ಎಂದು ಕೇಳಿದ. ಎಷ್ಟು ಚೆನ್ನಾಗಿ ಮಾತಾಡ್ತೀಯಪ್ಪಾ ನಮ್ಮ ಭಾಷೆ, ಎಂದರು ಆಕೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾವ ಹೆಮ್ಮೆಯಿಂದ ತಲೆಯೆತ್ತಿದರು. ಅವನು ಒಳಗೆ ಬಂದು ಕೂತು, ತನ್ನ ಸಾಲನ್ನು ಮತ್ತೆ ಓದಿದ. ಕೆಂಪು ಗೆರೆಯ ಕೆಳಗೆ ಅದು ತೀರ ಬಡಕಲಾಗಿ ಕಂಡಿತು. ಸರಿಯಾಗಿದೆ ಎಂದು ಟೀಚರತ್ತೆಯೇ ಹೇಳಿದ್ದರೂ, ಅವರು ತಿದ್ದದೆ ಬಿಟ್ಟದ್ದರಲ್ಲಿ ಏನಾದರೂ ತಪ್ಪಿದ್ದರೆ? ಓದುವಾಗ ಅಲ್ಲೇ ಯಾರಿಗಾದರೂ ನಗು ಬಂದರೆ? ಅಳಬೇಕಾದ ಜಾಗದಲ್ಲಿ ನಕ್ಕುಬಿಟ್ಟರೆ, ಆಮೇಲೆ ಏಳು ವರ್ಷ ಪ್ರತಿ ಊಟದಲ್ಲೂ ‘ಇದ್ದೂ ಇಲ್ಲದ ಹಾಗೆ’ ಎಂದು ಒಬ್ಬರು ಶುರುಮಾಡಿದರೆ? ಅವನ ಕೈ ತಾನಾಗಿಯೇ ಬರೆಯಿತು: ಈ ಮನೆಯ ಭಾಷೆ ಈಗ ನನ್ನದೂ ಆಗಿದೆ. ಅಕ್ಷರಗಳು ಎಂದಿಗಿಂತ ಸಮನಾಗಿ ಬಂದವು. ಹಾರೈಕೆ, ಸಹಿ. ಮುಗಿಯಿತು ಎಂದು ನಿಟ್ಟುಸಿರು ಬಿಟ್ಟಾಗ ಹಗುರಾದದ್ದು ನಿಜ. ಆ ಹಗುರಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಹನ್ನೊಂದೂವರೆಗೆ ದೊಡ್ಡಳಿಯ ಬಂದ. ಹಬ್ಬಕ್ಕೆ ಹೆಂಡತಿ ಮಗುವನ್ನು ಮಾವನ ಮನೆಯಲ್ಲಿ ಬಿಟ್ಟು, ಕನ್ನಡಕದ ಮೂಗಿನ ಗುಂಡಿ ಕಿತ್ತುಹೋಗಿದೆ ಎಂದು ಇತ್ತ ಬಂದಿದ್ದ. ಮೂಗಿನ ಮೇಲೆ ಲೋಹ ಒತ್ತಿ ಕೆಂಪು ಗಾಯವಾಗಿತ್ತು. ಇಬ್ಬರು ಅಳಿಯಂದಿರೂ ಮಾತಾಡುವುದು ಈ ಮನೆಯ ಭಾಷೆಯಲ್ಲೇ, ಬೇರೆ ಯಾವುದೂ ಇಬ್ಬರಿಗೂ ಸಾಮಾನ್ಯವಾಗಿರಲಿಲ್ಲ. ಇಬ್ಬರು ಕುಂಟರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಡೆದಂತೆ ನಡೆಯುತ್ತಿತ್ತು ಆ ಮಾತು. ಮೇಜಿನ ಮೇಲಿನ ಎರಡು ಹಾಳೆಗಳನ್ನು ನೋಡಿ, ಕೆಂಪು ಗೆರೆಗಳನ್ನು ನೋಡಿ, ದೊಡ್ಡಳಿಯ ತುಟಿ ಉಬ್ಬಿಸಿದ. ತಾನು ಯಾರಿಗೂ ತೋರಿಸಿರಲಿಲ್ಲ ಎಂದ. ಅವನು ಗುಂಡಿ ಕೂರಿಸುತ್ತಾ, ಕುತೂಹಲವನ್ನು ದನಿಯಿಂದ ತೆಗೆದಿಟ್ಟು, ಅಷ್ಟಕ್ಕೂ ಏನು ಬರೆದಿದ್ದೆ ನೀನು, ಎಲ್ಲರೂ ಅಷ್ಟೊಂದು ನಗುತ್ತಾರಲ್ಲ, ಎಂದು ಕೇಳಿದ.

“ಏನಿಲ್ಲ. ನನಗೆ ಈ ಮನೆ ಉಸಿರು ಕಟ್ಟುತ್ತೆ, ಬೇರೆ ಮನೆ ಮಾಡೋಣ ಬಾ, ಅಂತ,” ಎಂದ ದೊಡ್ಡಳಿಯ. “ಹಾಳು ಭಾಷೇಲಿ ಬರೆದಿದ್ದೆ. ಬಿದ್ದು ಬಿದ್ದು ನಕ್ರು. ನನ್ನವಳು ನಗ್ಲಿಲ್ಲ. ಮುಂದಿನ ತಿಂಗಳು ಮನೆ ನೋಡಿದ್ವಿ.”

ಅಂದರೆ ಕಡತದಲ್ಲಿ ಕೊರತೆಯಿಲ್ಲ ಎಂದು ಟೀಚರತ್ತೆ ಹೇಳಿದ್ದು, ಎಂದು ಅವನು ಕೇಳಿದ. ದೊಡ್ಡಳಿಯ ಕನ್ನಡಕ ಹಾಕಿಕೊಂಡು ಮೂಗು ಅಲ್ಲಾಡಿಸಿ ನೋಡಿದ. ತನ್ನದು ಕಡತ ಸೇರಲಿಲ್ಲ, ಎಂದ. ಅವಳ ಹತ್ತಿರವೇ ಇದೆ, ಬೀರುವಿನಲ್ಲಿ. ಹೊರಡುವಾಗ ಬಾಗಿಲಲ್ಲಿ ನಿಂತು, ಇನ್ನೂ ಅರ್ಧ ಗಂಟೆ ಇದೆಯಲ್ಲ ಎಂದಷ್ಟೇ ಹೇಳಿದ.

ಅರ್ಧ ಗಂಟೆಯಿತ್ತು. ಹೊಸ ಹಾಳೆಯೂ ಇತ್ತು, ಇಡೀ ದಸ್ತು. ಆದರೆ ಅವನು ಹೊಸ ಹಾಳೆ ತೆಗೆದುಕೊಳ್ಳಲಿಲ್ಲ. ಅಷ್ಟು ಚೆಂದವಾಗಿ ಬಂದಿದ್ದ ಹನ್ನೊಂದು ಸಾಲನ್ನು ಹರಿಯಲು ಮನಸ್ಸು ಬರಲಿಲ್ಲ. ಅದೂ ಬೇಕು, ಇದೂ ಬೇಕು, ಹಾವೂ ಸಾಯಬಾರದು ಕೋಲೂ ಮುರಿಯಬಾರದು. ಸಹಿಯ ಕೆಳಗೆ ಎರಡು ಬೆರಳು ಜಾಗವಿತ್ತು. ಅಲ್ಲಿ ಅವನು ತನ್ನ ಲಿಪಿಯಲ್ಲಿ, ತನ್ನ ಭಾಷೆಯಲ್ಲಿ, ಆ ಎರಡು ವಾಕ್ಯಗಳನ್ನು ಬರೆದ. ಸೀಸದ ಗೆರೆಯ ಆಸರೆ ಬೇಕಾಗಲಿಲ್ಲ. ಆರು ತಿಂಗಳ ನಂತರ ಕೈ ಯೋಚಿಸದೆ ಓಡಿತು, ಮೊದಲ ಸಲ ಅಕ್ಷರಗಳು ಅವನು ಹೇಳಿದ ಅಳತೆಗೆ ಬಂದವು, ಮತ್ತು ಅವನ ಕಣ್ಣು ತುಂಬಿ ಬಂತು. ಓದಬಲ್ಲವಳು ಅವಳೊಬ್ಬಳೇ. ಎಲ್ಲರ ಮುಂದೆ ಅವಳು ಅದನ್ನು ಅವನ ಭಾಷೆಯಲ್ಲೇ ಗಟ್ಟಿಯಾಗಿ ಓದಬೇಕಾಗುತ್ತದೆ. ಓದಿದರೆ ಅದೇ ಉತ್ತರ. ಅರ್ಥವೇನೆಂದು ಯಾರಾದರೂ ಕೇಳಿದರೆ ಅವಳು ಏನು ಬೇಕಾದರೂ ಹೇಳಿಕೊಳ್ಳಲಿ. ಇಷ್ಟು ಒಳ್ಳೆಯ ಉಪಾಯ ತನಗೆ ಮೊದಲೇ ಏಕೆ ಹೊಳೆಯಲಿಲ್ಲ ಎಂದುಕೊಂಡು, ಮೇಲಿನ ಗೆರೆಗಳನ್ನು ಒಂದೇ ದಿಕ್ಕಿನಲ್ಲಿ ಅಳಿಸಿ, ಚೀಟಿಯನ್ನು ಲಕೋಟೆಗೆ ಹಾಕಿದ. ಮಾವನ ಜೊತೆ ಮನೆಗೆ ನಡೆಯುವಾಗ, ಅಂಗಡಿಯ ಬೀಗದ ಕೈಯನ್ನು ಮಾವ ಅವನ ಕೈಗೆ ಕೊಟ್ಟು, ಇಟ್ಟುಕೊಂಡಿರು ಎಂದರು. ಬೀದಿಯ ತಿರುವು ದಾಟಿದ ಮೇಲೆ, ಬೇಗ ಬನ್ನಿ, ಎಲ್ಲರೂ ಕಾಯುತ್ತಿದ್ದಾರೆ ಎಂದರು.

ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಎಲ್ಲರ ಮುಂದೆಯೂ ತೊಳೆದ ತಟ್ಟೆಗಳು, ಅಡುಗೆಮನೆಯಲ್ಲಿ ಮುಚ್ಚಿಟ್ಟ ಪಾತ್ರೆಗಳ ಘಮ. ಅವನು ಲಕೋಟೆಯನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಹೊಸ ಬಟ್ಟೆಯಲ್ಲಿ ಚೆಂದ ಕಾಣುತ್ತಿದ್ದಳು. ಬೆಳಗಿನಿಂದ ಒಲೆಯ ಮುಂದೆ ನಿಂತು ಮುಖ ಕೆಂಪಾಗಿತ್ತು, ಚೀಟಿಗೆ ಕಾದಿದ್ದಳು ಎಂಬುದು ಅವಳು ಕೈ ಒರೆಸಿಕೊಂಡ ಆತುರದಲ್ಲೇ ಗೊತ್ತಾಗುತ್ತಿತ್ತು. ಅವನಿಗೆ ಒಂದು ಕ್ಷಣ, ಕಸಿದುಕೊಂಡುಬಿಡಲೇ ಅನ್ನಿಸಿತು. ಅವಳು ಎದ್ದು ನಿಂತು ಓದಿದಳು. ಅವಳ ದನಿಯಲ್ಲಿ ಟೀಚರತ್ತೆಯ ವಾಕ್ಯಗಳು ಹುಟ್ಟಿದ ಮನೆಗೆ ಬಂದ ಹಾಗೆ ಬಂದವು. ಹಿರಿಯರ ಸಾಲಿಗೆ ಮಾವ ಗಂಟಲು ಸರಿಮಾಡಿಕೊಂಡರು. ಧೈರ್ಯದ ಸಾಲಿಗೆ ಅವಳ ಅಕ್ಕ ಮೆಲ್ಲನೆ ತಂಗಿಯ ಸೊಂಟ ತಿವಿದಳು. ಈ ಮನೆಯ ಭಾಷೆ ಈಗ ನನ್ನದೂ ಆಗಿದೆ ಎಂದು ಓದಿದಾಗ ಅವಳ ದನಿ ನಡುಗಿತು, ನಿಜವಾಗಿಯೂ ನಡುಗಿತು, ಮತ್ತು ಅವಳು ಅವನ ಕಡೆ ನೋಡಿದ ನೋಟವನ್ನು ಅವನು ಈ ಆರು ತಿಂಗಳಲ್ಲಿ ನೋಡಿರಲಿಲ್ಲ. ತಾನು ಬರೆಯದ ಮಾತಿಗೆ ಸಿಕ್ಕ ಆ ನೋಟವನ್ನು ಅವನು ಕಳ್ಳನ ಹಾಗೆ ತೆಗೆದುಕೊಂಡ. ಹಾರೈಕೆ ಓದಿದಳು, ಸಹಿ ಓದಿದಳು. ಅವಳ ಕಣ್ಣು ಇನ್ನೂ ಕೆಳಗಿಳಿಯಿತು. ಎರಡು ವಾಕ್ಯದ ಮೇಲೆ ಎಡದಿಂದ ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬಂದು, ಮತ್ತೆ ಹೋಯಿತು. ಮುಖದ ಕೆಂಪು ಒಂದೇ ಸಲ ಇಳಿದುಹೋಯಿತು. ಅವಳು ಅವನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು. ಆಮೇಲೆ ಚೀಟಿಯನ್ನು ಮಡಚಿದಳು.

“ಕೆಳಗೆ ಇನ್ನೇನೋ ಇದೆಯಲ್ಲೇ?” ಎಂದು ಟೀಚರತ್ತೆ ಕೇಳಿದರು. ತಾವು ತಿದ್ದಿಕೊಟ್ಟದ್ದು ಎಷ್ಟು ಸಾಲೆಂದು ಅವರಿಗೆ ಲೆಕ್ಕವಿತ್ತು.

“ತಾರೀಖು ಅತ್ತೆ,” ಎಂದಳು ಅವಳು. “ಅವರ ಲಿಪೀಲಿ ಹಾಕಿದಾರೆ.”

ಎಲ್ಲರೂ ನಕ್ಕರು, ದೊಡ್ಡಳಿಯನೊಬ್ಬನನ್ನು ಬಿಟ್ಟು. ಅಭ್ಯಾಸಬಲ, ಮುಂದಿನ ಹಬ್ಬಕ್ಕೆ ಅದೂ ಸರಿಹೋಗುತ್ತದೆ ಎಂದು ಟೀಚರತ್ತೆ ಸಮಾಧಾನ ಹೇಳಿದರು. ಒಂದೇ ಒಂದು ತಪ್ಪಿಲ್ಲ, ಕಡತದಲ್ಲಿ ಇಂಥ ಚೀಟಿ ಎರಡೋ ಮೂರೋ ಇರಬಹುದು ಅಷ್ಟೆ ಎಂದರು. ಮಾವ ಮೇಜಿನ ಮೇಲೆ ಅಂಗೈ ಬಡಿದು, ಇನ್ನು ಮಗಳಿಗೂ ಎರಡೆರಡು ಭಾಷೆಯಲ್ಲಿ ಒದ್ದಾಡುವ ಕಷ್ಟ ತಪ್ಪಿತು ಎಂದರು. ಅವಳು ಕೂತಳು. ಚೀಟಿ ಅವಳ ಮುಷ್ಟಿಯಲ್ಲಿತ್ತು. ಅವನು ಅವಳ ಕಡೆ ಬಗ್ಗಿ, ತನ್ನ ಭಾಷೆಯಲ್ಲಿ, ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಮೆಲ್ಲಗೆ ಬರದೆ, ಅದು ತಾರೀಖಲ್ಲ ಎಂದ. ಮೇಜಿನ ಸುತ್ತ ಕೂತವರು ಅವನ ಕಡೆ ತಿರುಗಿದರು. ಇಷ್ಟು ದಿನ ಈ ಕೋಣೆಯಲ್ಲಿ ಯಾರೂ ಆಡದ ಸದ್ದು ಅದು. ಅತ್ತೆ ಒಬ್ಬರೇ ತಲೆಯನ್ನು ಸ್ವಲ್ಪ ವಾಲಿಸಿ ಕೇಳಿಸಿಕೊಂಡರು.

“ಎಲ್ಲರಿಗೂ ಅರ್ಥ ಆಗೋ ಹಾಗೆ ಹೇಳಿ,” ಎಂದಳು ಅವಳು, ಮನೆಯ ಭಾಷೆಯಲ್ಲಿ, ತಟ್ಟೆ ನೋಡುತ್ತಾ.

ಏನಂದ್ರಿ, ಎಂದು ಮಾವ ಪ್ರೀತಿಯಿಂದಲೇ ಕೇಳಿದರು. ಅತ್ತೆ ಸೌಟು ಹಿಡಿದು ನಿಂತರು. ಟೀಚರತ್ತೆ ಕನ್ನಡಕ ಏರಿಸಿಕೊಂಡರು. ಎಲ್ಲರೂ ಅವನ ಬಾಯನ್ನು ನೋಡುತ್ತಿದ್ದರು, ಅದರಿಂದ ಬರುವುದು ಚೆನ್ನಾಗಿಯೇ ಇರುತ್ತದೆ ಎಂಬ ಭರವಸೆಯಲ್ಲಿ. ಅವನು ಆ ಭಾಷೆಯಲ್ಲಿ ತನಗೆ ಗೊತ್ತಿದ್ದದ್ದನ್ನೆಲ್ಲ ತಡಕಾಡಿದ. ಕರಡಿನ ಎರಡು ವಾಕ್ಯಗಳು ಅಷ್ಟು ದಿನ ಜಗಿದರೂ ಈಗ ಅವುಗಳ ಒಂದು ಪದವೂ ಕೈಗೆ ಸಿಗಲಿಲ್ಲ; ಸ್ಕೇಲಿಟ್ಟು ಎಳೆದ ಗೆರೆಯಷ್ಟೇ ಕಂಡಿತು. ಸಿಕ್ಕಿದ್ದೆಲ್ಲ ಗಿರಾಕಿಗೆ ಹೇಳುವ ಮಾತು, ಅತ್ತೆಗೆ ಹೇಳುವ ಮಾತು, ಬನ್ನಿ, ಕೂತುಕೊಳ್ಳಿ, ಸಾಕು, ತುಂಬಾ ಸಂತೋಷ. ಯಾರೂ ಅವನಿಗೆ ಬೇರೆ ಮಾತು ಕಲಿಸಿರಲಿಲ್ಲ, ಅವನೂ ಕೇಳಿರಲಿಲ್ಲ.

“ಊಟ ತುಂಬಾ ಚೆನ್ನಾಗಿದೆ ಅಂದೆ,” ಎಂದ.

ಅವನ ತಟ್ಟೆಗೆ ಇನ್ನೂ ಏನನ್ನೂ ಬಡಿಸಿರಲಿಲ್ಲ.